ಲೇಖನ ಬೇರೆ ಸೈಟಿಗೂ ಕೊಟ್ಟವರು, ಕೆನಾನಿಕಲ್ ನಂಬಿದವರು: ನಿಮ್ಮ ಅನುಭವ ಹೇಳಿ

ನೀರ್ಚಾಲು ಓದುಗ: ನಮ್ಮದು ಕೃಷಿ, ಯಕ್ಷಗಾನದ ಬಗ್ಗೆ ಬರೆಯುವ ಸಣ್ಣ ಸೈಟು. ಮಂಗಳೂರಿನ ಒಂದು ಸುದ್ದಿ ಸೈಟಿನವರು ವಾರಕ್ಕೆ ಎರಡು ಲೇಖನ ಪೂರ್ತಿಯಾಗಿ ಕೇಳುತ್ತಿದ್ದಾರೆ. ದುಡ್ಡಿಲ್ಲ, ಹೆಸರು ಹಾಕುತ್ತಾರೆ, ಮೂಲ ಪುಟ ಯಾವುದೆಂದು ಗೂಗಲಿಗೆ ಹೇಳುವ ಕೆನಾನಿಕಲ್ ಟ್ಯಾಗ್ ನಮ್ಮ ಪುಟಕ್ಕೇ ಇಡುತ್ತಾರಂತೆ. ಕೊಡಬಹುದಾ? ಕೊಟ್ಟವರು ಹೇಳಿ.

ಪೆರ್ಲ ತೋಟದವ: ಇದೇ ಮಾತಿಗೆ ಒಪ್ಪಿ ಒಂದು ಮಳೆಗಾಲ ಕಳಕೊಂಡವ ನಾನು. ಅಡಿಕೆಯ ಕೊಳೆರೋಗದ ಮೇಲೆ ಒಂದು ಲೇಖನ ಬರೆದಿದ್ದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಹಾಕಿ ಬೋರ್ಡೋ ಮಾಡುವ ಕ್ರಮ, ಯಾವುದನ್ನು ಯಾವುದಕ್ಕೆ ಹೊಯ್ಯಬೇಕು, ಗೊನೆಗೆ ಹೇಗೆ ಸಿಂಪಡಿಸಬೇಕು, ಎಲ್ಲ ನಮ್ಮ ತೋಟದ ಫೋಟೋ ಸಮೇತ. ಮೂರು ವಾರದ ಕೆಲಸ. ಜೂನ್ ತಿಂಗಳಲ್ಲಿ ದಿನಕ್ಕೆ 190ರ ಹತ್ತಿರ ಕ್ಲಿಕ್ ಬರುತ್ತಿತ್ತು. ಆಗ ಒಂದು ಸುದ್ದಿ ಸೈಟಿಗೆ ಕೊಟ್ಟೆ. ಮೋಸ ಏನೂ ಮಾಡಲಿಲ್ಲ ಅವರು. ಪುಟದ ಸೋರ್ಸ್ ತೆಗೆದು ನೋಡಿದ್ದೇನೆ, ಹೆಡ್‌ನಲ್ಲಿ ಸರಿಯಾಗಿಯೇ ಇತ್ತು (ವಿಳಾಸ ಬದಲಿಸಿದ್ದೇನೆ):

```html
<link rel="canonical" href="https://example.com/kole-roga/" />
```

ಹತ್ತು ಹನ್ನೆರಡು ದಿನ ಎಲ್ಲ ಸರಿ ಇತ್ತು. ಮತ್ತೆ 190 ಇದ್ದದ್ದು 120, 70, ಕಡೆಗೆ 40. ಗೂಗಲಿನ ಸರ್ಚ್ ಕನ್ಸೋಲಿನಲ್ಲಿ ನನ್ನ ವಿಳಾಸ ಪರೀಕ್ಷಿಸಿದರೆ Google-selected canonical ಎದುರು Inspected URL ಎಂದೇ ಬರುತ್ತಿತ್ತು. ಅಂದರೆ ನನ್ನ ಪುಟ ಇಂಡೆಕ್ಸಿನಲ್ಲಿ ಉಂಟು, ಅದೇ ಮೂಲ ಎಂದು ಗೂಗಲ್ ಒಪ್ಪಿದ್ದೂ ಉಂಟು. ಹಾಗಾದರೆ ಜನ ಎಲ್ಲಿ ಹೋದರು? ಲೇಖನದ ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದೆ. ಅವರ ಪುಟ ಮೊದಲು, ನನ್ನದು ಅದರ ಕೆಳಗೆ.

ಯಾಕೆಂದು ತಿಳಿಯಲು ಎರಡು ಪುಟವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕಾಯಿತು. ಅವರು ತಲೆಬರಹ ಬದಲಿಸಿದ್ದರು. ಕೊನೆಯ ಎರಡು ಪ್ಯಾರಾ ಕತ್ತರಿಸಿದ್ದರು. ನಡುನಡುವೆ ‘ಇದನ್ನೂ ಓದಿ’ ಪೆಟ್ಟಿಗೆ ನಾಲ್ಕು, ಕೆಳಗೆ ಬೇರೆ ಸುದ್ದಿಗಳ ಸಾಲು. ಗೂಗಲಿನ ಕಣ್ಣಿಗೆ ಅದು ನನ್ನ ಪುಟದ ಪ್ರತಿಯಾಗಿ ಉಳಿಯಲಿಲ್ಲ, ಬೇರೆಯೇ ಪುಟವಾಯಿತು. ಕೆನಾನಿಕಲ್ ಎಂಬುದು ನಾವು ಕೊಡುವ ಸುಳಿವು ಅಷ್ಟೆ, ಅದು ಪಾಲಿಸಲೇಬೇಕೆಂದಿಲ್ಲ. 2023ರಲ್ಲಿ ಗೂಗಲ್ ತನ್ನ ಮಾರ್ಗದರ್ಶನದಲ್ಲೇ ಬರೆಯಿತು: ಲೇಖನ ಪಡೆಯುವವರ ಪುಟಗಳು ತುಂಬ ಬೇರೆಯಾಗಿರುವ ಕಾರಣ ಕೆನಾನಿಕಲ್ ಸಾಲದು, ಅವರೇ ತಮ್ಮ ಪುಟವನ್ನು ಇಂಡೆಕ್ಸಿಗೆ ಹೋಗದಂತೆ ತಡೆಯಬೇಕು. ನಾನು ಅದನ್ನು ಓದಿದ್ದು ಪೆಟ್ಟು ತಿಂದ ಮೇಲೆ.

ಹಾಗೆ ತಡೆಯುವ `noindex` ಟ್ಯಾಗ್ ಹಾಕಿ ಎಂದು ಹನ್ನೊಂದು ಮೇಲ್ ಬರೆದೆ. ಹಾಕಿದ್ದು ಸೆಪ್ಟೆಂಬರ್ ಕೊನೆಗೆ. ಅಷ್ಟು ಹೊತ್ತಿಗೆ ಮದ್ದು ಬಿಡುವ ಕೆಲಸ ಮುಗಿದಿತ್ತು, ಯಾರಿಗೆ ಬೇಕು ಆ ಲೇಖನ?

ಆದೋನಿ ಅಕ್ಷರ: ಇದಕ್ಕೇ ಡುಪ್ಲಿಕೇಟ್ ದಂಡ ಅನ್ನೋದು. ನನ್ನ ಸೈಟ್ ಅದರಿಂದಲೇ ಸತ್ತಿತು. 37 ಲೇಖನಗಳನ್ನು ಐದು ಸೈಟಿಗೆ ಕೊಟ್ಟಿದ್ದೆ, ಯಾವ ಟ್ಯಾಗೂ ಇಲ್ಲದೆ. ಜನ ಬರೋದು ನಿಂತಾಗ ಒಬ್ಬ ಸಲಹೆಗಾರನಿಗೆ 18,000 ರೂಪಾಯಿ ಕೊಟ್ಟೆ. ಮೊದಲ ಕಂತು 10,000, ಉಳಿದಿದ್ದು ಎರಡು ಸಲ. ಗೂಗಲ್ ದಂಡ ಹಾಕಿದೆ, ನಕಲು ಇರೋ ಪುಟ ಎಲ್ಲಾ ತೆಗೆದುಬಿಡಿ ಅಂದ. ನನ್ನ ಸೈಟಿನಿಂದ 37 ಲೇಖನಾನೂ ಅಳಿಸಿದೆ. ಮೂರು ತಿಂಗಳು ಕಾದೆ, ಏನೂ ಏಳಲಿಲ್ಲ. ಈಗ ಹೊಸ ಡೊಮೇನ್ ತಗೊಂಡು ಯಾರಿಗೂ ಒಂದು ಸಾಲೂ ಕೊಡ್ತಿಲ್ಲ. ಕೊಡಲೇಬೇಕು ಅಂದ್ರೆ ಕೆನಾನಿಕಲ್ ಮತ್ತು `noindex` ಎರಡನ್ನೂ ಹಾಕಿಸಿ, ಡಬಲ್ ಬಂದೋಬಸ್ತು.

ತಾಳವಾಡಿ ಹುಡುಗಿ: ಅಣ್ಣಾ, ನೊಂದಿದ್ದೀರಿ ಅಂತ ಗೊತ್ತು, ಆದರೂ ಹೇಳಲೇಬೇಕು. ಮೂಲ ಪುಟಗಳನ್ನು ನೀವೇ ಅಳಿಸಿದಿರಿ. ಆಮೇಲೆ ಗೂಗಲಿಗೆ ಉಳಿದದ್ದು ಆ ಐದು ಸೈಟುಗಳ ಪ್ರತಿ ಮಾತ್ರ. ಒಂದೇ ಲೇಖನ ಎರಡು ಕಡೆ ಇದ್ದರೆ ದಂಡ ಅಂತ ಏನೂ ಇಲ್ಲ, ಗೂಗಲ್ ಇದನ್ನ 2008ರಲ್ಲೇ ಹೇಳಿದೆ. ಒಂದನ್ನು ಆರಿಸಿ ತೋರಿಸುತ್ತದೆ, ಉಳಿದವನ್ನು ಹಿಂದೆ ಸರಿಸುತ್ತದೆ. ನಿಮ್ಮದನ್ನ ಆರಿಸಲಿಲ್ಲ, ಅಷ್ಟೇ ಆಗಿದ್ದು.

ನಾನು ನಾಲ್ಕು ವರ್ಷ ಒಂದು ಸುದ್ದಿ ಸೈಟಿನ ತಾಂತ್ರಿಕ ವಿಭಾಗದಲ್ಲಿದ್ದೆ, ಲೇಖನ ತಗೊಳ್ಳೋ ಕಡೆಯವಳು. ಪೆರ್ಲದವರಿಗೆ ಆಗಿದ್ದು ಒಂದು ಬಗೆ. ಇನ್ನೊಂದು ಬಗೆ ಇದೆ: ಎರಡು ಪುಟ ಹೆಚ್ಚುಕಡಿಮೆ ಒಂದೇ ಅಂತ ಗೂಗಲಿಗೆ ಅನ್ನಿಸಿ, ಮೂಲದ ಬದಲು ದೊಡ್ಡ ಸೈಟಿನದನ್ನ ಹಿಡಿದುಕೊಳ್ಳೋದು. ಆಗ ಸರ್ಚ್ ಕನ್ಸೋಲಿನಲ್ಲಿ User-declared canonical ನಿಮ್ಮದು, Google-selected canonical ಅವರದು ಅಂತ ಬರುತ್ತೆ. ಕಾರಣದ ಪಟ್ಟಿಯಲ್ಲಿ Duplicate, Google chose different canonical than user ಅಂತ ಕಾಣಿಸುತ್ತೆ. ಇಲ್ಲಿ ನಿಮ್ಮ ಪುಟ ಫಲಿತಾಂಶದಲ್ಲಿ ಕೆಳಗೆ ಬೀಳೋದಲ್ಲ, ಇರೋದೇ ಇಲ್ಲ. ಎರಡು ಬಗೆಗೂ ಖಚಿತವಾದ ಮದ್ದು ಒಂದೇ, ತಗೊಂಡವರ ಪುಟದಲ್ಲಿ ಇದು:

```html
<meta name="robots" content="noindex">
```

ಎರಡನ್ನೂ ಹಾಕಿ ಅನ್ನೋದಕ್ಕೆ ನಾನು ಒಪ್ಪಲ್ಲ. ‘ನಾವಿಬ್ಬರೂ ಒಂದೇ’ ಅಂತ ಒಂದು ಟ್ಯಾಗು, ‘ನನ್ನನ್ನ ತೋರಿಸಬೇಡ’ ಅಂತ ಇನ್ನೊಂದು. ಒಂದಕ್ಕೊಂದು ವಿರುದ್ಧ. ಒಂದನ್ನ ಆರಿಸಿಕೊಳ್ಳಿ.

ಇದರಲ್ಲಿ ನನ್ನದೇ ಒಂದು ತಪ್ಪು ಇದೆ. ಬೇರೆಯವರ ಲೇಖನಗಳ ಫೋಲ್ಡರಿಗೆಲ್ಲ `noindex` ಹಾಕಿ, ಇನ್ನೂ ಭದ್ರವಾಗಲಿ ಅಂತ `robots.txt`ನಲ್ಲೂ ಆ ಫೋಲ್ಡರ್ ಮುಚ್ಚಿದೆ. ಗೂಗಲ್ ಒಳಗೇ ಬರಲಿಲ್ಲ, ಹಾಗಾಗಿ `noindex` ಓದಲೂ ಇಲ್ಲ. ಹಳೇ ಪುಟಗಳು ಹಾಗೇ ಕಾಣಿಸ್ತಾ ಇದ್ದವು. ಲೇಖಕರೊಬ್ಬರು ದಿನಾ ಫೋನ್ ಮಾಡಿ ಬಯ್ಯೋರು, ನಾನು ‘ಹಾಕಿದ್ದೀನಿ ಸಾರ್’ ಅಂತ ವಾದ ಮಾಡ್ತಿದ್ದೆ. ಆರು ವಾರ ಆದ ಮೇಲೆ ಕನ್ಸೋಲಿನಲ್ಲಿ Indexed, though blocked by robots.txt ನೋಡಿ ಕೈ ತಣ್ಣಗಾಯಿತು. ಆ ಬಾಗಿಲು ತೆಗೆದ ಮೇಲೆ ಒಂದೊಂದಾಗಿ ಹೊರಗೆ ಹೋದವು.

ಆದೋನಿ ಅಕ್ಷರ: ದಂಡ ಇಲ್ಲ ಅನ್ನೋದು ಕೇಳೋಕೆ ಚಂದ. ತಿಂಗಳಿಗೆ 4,000 ಬರ್ತಿದ್ದ ಜಾಹೀರಾತಿನ ದುಡ್ಡು 300 ಆದವನಿಗೆ ಅದನ್ನ ಏನಂತ ಕರೆದರೂ ಒಂದೇ ತಾಯಿ.

ತಾಳವಾಡಿ ಹುಡುಗಿ: ಒಂದೇ ಅಲ್ಲ ಅಣ್ಣಾ. ದಂಡ ಅಂದುಕೊಂಡಿದ್ದಕ್ಕೇ ಅಲ್ಲವಾ ಅಳಿಸಿದ್ದು? ಆ ಐದು ಜನಕ್ಕೆ ಬರೆದಿದ್ದರೆ ಇಬ್ಬರಾದರೂ ತೆಗೀತಿದ್ದರು.

ಅಕ್ಕಲಕೋಟಿ ಗೆಳೆಯ: ನಮ್ಮದು ಬ್ಯಾರೇನ ಐತ್ರಿ. ಕೆನಾನಿಕಲ್ ಹಾಕ್ತೀವಿ ಅಂದ್ರು, ಹಾಕಿದ್ರು, ಆದ್ರ ತಪ್ಪು ವಿಳಾಸಕ್ಕ ಹಾಕಿದ್ರು. ನಮ್ಮ ಲೇಖನದ ವಿಳಾಸ ಕನ್ನಡದಾಗ ಇರತೈತ್ರಿ. ವರ್ಡ್‌ಪ್ರೆಸ್ಸಿನಾಗ ಅದಕ್ಕ 200 ಅಕ್ಷರದ ಮಿತಿ, ಮತ್ತ ಒಂದೊಂದು ಕನ್ನಡ ಅಕ್ಷರ, ಒಂದೊಂದು ಕೊಂಬು-ಒತ್ತಿನ ಚಿಹ್ನಿನೂ ಒಳಗ `%E0%B2%95` ಅಂತ ಒಂಬತ್ತು ಅಕ್ಷರ ಆಗತೈತಿ. ಲೆಕ್ಕ ಹಾಕ್ರಿ, ಇಪ್ಪತ್ತೆರಡಕ್ಕ ಮುಗೀತು. ಹಿಂಗಾಗಿ ತಲಿಬರಹ ಉದ್ದ ಇದ್ರ ವಿಳಾಸ ಅರ್ಧಕ್ಕ ಕಟ್ ಆಗತೈತಿ. ಅವರ ಡೆಸ್ಕಿನ ಹುಡುಗ ಅದನ್ನ ನೋಡಿ, ಪಾಪ, ಶಬ್ದ ಅರ್ಧ ಐತಿ ಅಂತ ತಾನ ಪೂರ್ತಿ ಮಾಡಿ ಟೈಪ್ ಮಾಡ್ಯಾನ. ಆ ವಿಳಾಸಕ್ಕ ಹೋದ್ರ ಪುಟಾನ ಇಲ್ಲ, 404. ಇಲ್ಲದ ಪುಟಕ್ಕ ತೋರಿಸೋ ಕೆನಾನಿಕಲ್ ಗೂಗಲ್ ಯಾಕ ಕೇಳತೈತ್ರಿ? ಎಂಟು ಲೇಖನ ಹಿಂಗ ಹೋದುವು. ಅವತ್ತಿನಿಂದ ವಿಳಾಸ ಸಣ್ಣದು, ಇಂಗ್ಲಿಷ್ ಅಕ್ಷರದಾಗ ಇಡ್ತೀನಿ. ಅವರು ಪ್ರಕಟಿಸಿದ ಮ್ಯಾಲೆ ಸೋರ್ಸ್ ತಗದು, ಕೆನಾನಿಕಲ್ ವಿಳಾಸ ಕಾಪಿ ಮಾಡಿ, ಬ್ರೌಸರಿನಾಗ ಹಾಕಿ ತಗದು ನೋಡ್ತೀನಿ.

ಮಂಜೇಶ್ವರ ಅನುವಾದ: ನಾನು ಕನ್ನಡದ ಲೇಖನಗಳನ್ನು ಮಲಯಾಳಕ್ಕೆ ತಂದು ಅದೇ ಸೈಟಿನಲ್ಲಿ ಹಾಕುವವಳು. ಇದೂ ನಕಲೇ ಎಂದು ಯಾರೋ ಹೆದರಿಸಿದರು. ಕನ್ನಡ ಪುಟಗಳಿಗೆಲ್ಲ ಮಲಯಾಳ ಪುಟದ ಕೆನಾನಿಕಲ್ ಕೊಟ್ಟೆ, ಅಲ್ಲಿಯೇ ಓದುಗರು ಜಾಸ್ತಿ ಎಂದು. ಒಂದು ತಿಂಗಳಲ್ಲಿ ಕೆಲವು ಕನ್ನಡ ಪುಟ ಹುಡುಕಾಟದಿಂದಲೇ ಹೋದವು. ಮಧೂರಿನ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ನನ್ನ ಲೇಖನವೇ ಇಲ್ಲ! ಅನುವಾದ ನಕಲಲ್ಲ. ಎರಡಕ್ಕೂ ಅದರದರದೇ ಕೆನಾನಿಕಲ್ ಇಟ್ಟು, ಯಾವ ಪುಟ ಯಾವ ಭಾಷೆಯದ್ದೆಂದು ಹೇಳುವ `hreflang`ನಿಂದ ಜೋಡಿಸಬೇಕಿತ್ತು. ಈ ಗಡಿಯಲ್ಲಿ ಕನ್ನಡ ಓದುವವರೇ ಕಮ್ಮಿಯಾಗುತ್ತಿರುವಾಗ ಇದ್ದದ್ದನ್ನೂ ನಾನೇ ಅಡಗಿಸಿಟ್ಟೆನಲ್ಲ ಎಂಬ ಸಂಕಟ ಇನ್ನೂ ಉಂಟು.

ಪೆರ್ಲ ತೋಟದವ: ಅಕ್ಕಾ, ಅವರು ಕೇಳಿದ್ದು ಬೇರೆಯವರ ಸೈಟಿಗೆ ಕೊಡುವ ವಿಷಯ, ಅನುವಾದ ಅಲ್ಲ.

ಮಂಜೇಶ್ವರ ಅನುವಾದ: ನೀವು ಬೋರ್ಡೋ ಅಳತೆ ಹೇಳಬಹುದು, ನಾನು ನನ್ನ ಪುಟದ್ದು ಹೇಳಬಾರದಾ?

ಮುಳ್ಳೇರಿಯ ಡೆಸ್ಕ್: ಲೇಖನ ತೆಗೆದುಕೊಳ್ಳುವವರ ಕಡೆಯಿಂದಲೂ ಒಂದು ಮಾತು. ಸಣ್ಣ ಸುದ್ದಿ ಸೈಟ್ ನಡೆಸುತ್ತೇನೆ. ಸರ್ವರಿಗೆ ತಿಂಗಳಿಗೆ 2,600, ತಿದ್ದುವ ಹುಡುಗನಿಗೆ 9,000. ನಿಮ್ಮ ಲೇಖನಕ್ಕೆ ಫೋಟೋ ಹುಡುಕಿ, ಕಾಗುಣಿತ ತಿದ್ದಿ ಹಾಕಿ, ಮತ್ತೆ `noindex` ಹಾಕಿ ಎಂದರೆ ನಮಗೆ ಉಳಿಯುವುದು ಎಂತದು? ನಮ್ಮ ಮುಖಪುಟಕ್ಕೆ, ವಾಟ್ಸಾಪಿಗೆ ಬರುವ ಓದುಗರು ಮಾತ್ರ. ನಾವು ಕೆನಾನಿಕಲ್ ಕೊಡುವುದೇ ದೊಡ್ಡ ಮರ್ಯಾದೆ. ಹೆಸರೂ ಹಾಕದೆ ಎತ್ತುವವರು ಎಷ್ಟಿಲ್ಲ?

ಪೆರ್ಲ ತೋಟದವ: ಮರ್ಯಾದೆಯಿಂದ ತೋಟಕ್ಕೆ ಮದ್ದು ಬಿಡಲಿಕ್ಕೆ ಆಗುವುದಿಲ್ಲ. ಬರೆದವನ ಲೇಖನ ಅವನ ಹೆಸರಿನಲ್ಲೇ ಸಿಗಬೇಕು. ಓದುಗರು ನಿಮ್ಮ ಮುಖಪುಟಕ್ಕೆ ಬಂದು ಓದಲಿ, ನಾನು ಬೇಡ ಅಂದೆನಾ? ಗೂಗಲಿನಿಂದ ಬರುವವರನ್ನಾದರೂ ನಮಗೆ ಬಿಡಿ.

ಮುಳ್ಳೇರಿಯ ಡೆಸ್ಕ್: ಹಾಗಾದರೆ ಕೊಡಬೇಡಿ. ಕೊಟ್ಟ ಮೇಲೆ ಹನ್ನೊಂದು ಮೇಲ್ ಬರೆಯುವುದು ಯಾವ ಕ್ರಮ? ಮೊದಲೇ ಹೇಳಿದ್ದರೆ ಅವರು ತೆಗೆದುಕೊಳ್ಳುತ್ತಲೇ ಇರಲಿಲ್ಲ.

ತಾಳವಾಡಿ ಹುಡುಗಿ: ಆ ಒಂದು ಮಾತು ಸರಿ. ಇದೆಲ್ಲ ಕೊಡುವ ಮೊದಲೇ ಬರವಣಿಗೆಯಲ್ಲಿ ಆಗಬೇಕು. ನಾವು ಎರಡು ಥರ ಒಪ್ಪಂದ ಇಟ್ಟಿದ್ದೆವು. ಪೂರ್ತಿ ಲೇಖನ ಬೇಕಾದರೆ `noindex`. ಇಂಡೆಕ್ಸ್ ಆಗಲೇಬೇಕಾದರೆ ಮೊದಲ ಎರಡು ಪ್ಯಾರಾ, ಆಮೇಲೆ ಮೂಲಕ್ಕೆ ಲಿಂಕು. ವರ್ಷಗಟ್ಟಲೆ ಹುಡುಕಾಟದಿಂದ ಓದುಗರನ್ನು ತರೋ ಲೇಖನ ಯಾರೂ ಪೂರ್ತಿ ಕೊಡ್ತಿರಲಿಲ್ಲ. ಕಾರ್ಯಕ್ರಮದ ವರದಿ ಥರದ್ದನ್ನ ಕೊಡೋರು, ಮೂರು ದಿನ ಆದರೆ ಹೇಗೂ ಯಾರೂ ಹುಡುಕಲ್ಲ.

ಆದೋನಿ ಅಕ್ಷರ: ನಾಳೆ ಆ ಐದು ಜನಕ್ಕೂ ಬರೀತೀನಿ. ಅಳಿಸಿದ ಲೇಖನ ಬ್ಯಾಕಪ್‌ನಲ್ಲಿವೆ, ಹಳೇ ಡೊಮೇನಿಗೆ ನವೆಂಬರ್‌ವರೆಗೂ ದುಡ್ಡು ಕಟ್ಟಿದ್ದೀನಿ. ಅದೇ ವಿಳಾಸಕ್ಕೆ ವಾಪಸ್ ಹಾಕಿದರೆ ಏನಾದರೂ ಏಳುತ್ತಾ ತಾಯಿ?

ತಾಳವಾಡಿ ಹುಡುಗಿ: ಅದೇ ವಿಳಾಸಕ್ಕೇ ಹಾಕಿ, ಒಂದಕ್ಷರ ಬದಲಾಗಬಾರದು. ಹಳೇ ಲಿಂಕುಗಳು ಅಲ್ಲಿಗೇ ಬರೋದು. ಏಳುತ್ತೆ ಅಂತ ಮಾತು ಕೊಡಲಾರೆ.

ನೀರ್ಚಾಲು ಓದುಗ: ಮಂಗಳೂರಿನವರಿಗೆ ಫೋನ್ ಮಾಡಿದೆ. `noindex` ಆಗುವುದಿಲ್ಲವಂತೆ, ಅವರ ತಾಂತ್ರಿಕದವರು ಬಿಡುವುದಿಲ್ಲವಂತೆ. ಎರಡು ಪ್ಯಾರಾ ಮತ್ತು ಲಿಂಕ್ ಎಂದರೆ ಯೋಚಿಸುತ್ತೇವೆ ಎಂದರು. ಯಕ್ಷಗಾನದ ಕಾರ್ಯಕ್ರಮದ ವರದಿ ಪೂರ್ತಿ ಕೊಡುತ್ತೇನೆ, ಕೃಷಿಯದ್ದು ಎರಡು ಪ್ಯಾರಾ ಮಾತ್ರ ಎಂದಿದ್ದೇನೆ. ಸೋಮವಾರ ಉತ್ತರ ಕೊಡುತ್ತಾರಂತೆ.