ವೀಟೋ ಹಾಕಿದ ಮೇಲೆ ಹಿನ್ನೆಲೆ 20ರಿಂದ 2ಕ್ಕೆ ಇಳಿಯಿತು, ಆದರೆ ಸ್ಯಾಂಪಲ್ ಎಣಿಕೆಯೂ ಕುಸಿದಿದೆ

ಸೀಸದಗೂಡು:
ಎಲ್ಲರಿಗೂ ನಮಸ್ಕಾರ. ತುಂಬಾ ಕಡಿಮೆ ಬೀಟಾ ಅಳೆಯಲು ಒಂದು ಸೆಟಪ್ ಮಾಡಿದ್ದೇನೆ. 45 ಮಿ.ಮೀ. ಕಿಟಕಿಯ ಪ್ಯಾನ್‌ಕೇಕ್ ಗೈಗರ್ ಟ್ಯೂಬ್, ಮಲಗಿಸಿ ಇಟ್ಟಿದ್ದೇನೆ. ಸುತ್ತಲೂ 5 ಸೆಂ.ಮೀ. ಸೀಸ. ಸೀಸದ ಗೂಡಿನ ಮೇಲೆ 30×30×2 ಸೆಂ.ಮೀ. ಪ್ಲಾಸ್ಟಿಕ್ ಸಿಂಟಿಲೇಟರ್ ಹಲಗೆ. ಅದು ಮಿನುಗಿದಾಗ ಟ್ಯೂಬಿನ ಪಲ್ಸ್ ಲೆಕ್ಕಕ್ಕೆ ಬರಬಾರದು ಅಂತ ಐಡಿಯಾ.

ವೀಟೋ ಇಲ್ಲದೆ ಹಿನ್ನೆಲೆ ನಿಮಿಷಕ್ಕೆ 20. ಮೊದಲು 1 ಮೈಕ್ರೋಸೆಕೆಂಡ್ ಗೇಟ್ ಇಟ್ಟೆ, ಏನೂ ಬದಲಾಗಲಿಲ್ಲ. ಸಿಟ್ಟು ಬಂದು 5 ಮಿಲಿಸೆಕೆಂಡ್ ಮಾಡಿದೆ. ಹಿನ್ನೆಲೆ 2ಕ್ಕೆ ಇಳಿಯಿತು! ಖುಷಿಯೋ ಖುಷಿ. ಆಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಪುಡಿ ಇಟ್ಟು ನೋಡಿದರೆ, ಹಿನ್ನೆಲೆ ಕಳೆದ ಮೇಲೆ ಮೊದಲು 82 ಬರುತ್ತಿದ್ದದ್ದು ಈಗ 18. ಸಿಂಟಿಲೇಟರ್ ಸೆಕೆಂಡಿಗೆ ಸುಮಾರು 300 ಪಲ್ಸ್ ಕೊಡುತ್ತದೆ. ಕೋಡ್ ಇಷ್ಟೇ:

```
// gmTime, lastVeto: micros()
if (gmTime - lastVeto > 5000) count++;
```

ಪುಡಿಯ ಗಾಮಾ ಮೇಲೆ ಹೋಗಿ ಹಲಗೆಗೆ ಬಡಿದು ತನ್ನನ್ನೇ ತಾನು ಅಳಿಸಿಕೊಳ್ಳುತ್ತಿದೆಯಾ?

ಭಾರದಕಲ್ಲು:
ಇಷ್ಟೆಲ್ಲ ಸರ್ಕಸ್ ಯಾಕೆ? ಸೀಸ 5 ಇದ್ದದ್ದನ್ನು 10 ಸೆಂ.ಮೀ. ಮಾಡಿ. ವೀಟೋ ಕಿತ್ತು ಹಾಕಿ, ಕೆಲಸ ಸಲೀಸು.

ಎಣಿಕೆಗಾರ:
ಭಾರದಕಲ್ಲು ಅವರೇ, ಗಾಮಾಗೆ ನಿಮ್ಮ ಮಾತು ಸರಿ. ಆದರೆ ಇಲ್ಲಿ ಉಳಿದಿರುವುದು ಹೆಚ್ಚಾಗಿ ಮ್ಯುವಾನ್. ಸಮುದ್ರ ಮಟ್ಟದಲ್ಲಿ ಮಲಗಿಸಿದ ಪ್ರತಿ ಚದರ ಸೆಂ.ಮೀ.ಗೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಬರುತ್ತದೆ. ಆ ಕಿಟಕಿ 16 ಚದರ ಸೆಂ.ಮೀ. ಅಂದರೆ 20ರಲ್ಲಿ ದೊಡ್ಡ ಪಾಲು ಅದೇ. ಮ್ಯುವಾನಿನ ಸರಾಸರಿ ಶಕ್ತಿ 4 ಜಿಇವಿ ಆಸುಪಾಸು. 10 ಸೆಂ.ಮೀ. ಸೀಸ ಅದರಿಂದ ಕಸಿಯುವುದು ಬರೀ 0.13 ಜಿಇವಿ. ಸೀಸ ಏರಿಸಿದರೆ ಅದಕ್ಕೆ ಗೊತ್ತೂ ಆಗುವುದಿಲ್ಲ.

ಈಗ ಸೀಸದಗೂಡು ಅವರ ಪ್ರಶ್ನೆ. ನಿಮ್ಮ ಪುಡಿ ತನ್ನನ್ನು ತಾನು ಅಳಿಸಿಕೊಳ್ಳುತ್ತಿಲ್ಲ. ಪೊಟ್ಯಾಸಿಯಂ-40ರ ಒಂದು ಪರಮಾಣು ಬೀಟಾ ಬಿಟ್ಟರೆ ಅದರ ಜೊತೆ ಗಾಮಾ ಬರುವುದಿಲ್ಲ. 1.46 ಎಂಇವಿ ಗಾಮಾ ಬರುವುದು ಇನ್ನೊಂದು ದಾರಿಯಲ್ಲಿ ಸಾಯುವ ಪರಮಾಣುವಿನಿಂದ. ಹಾಗಾಗಿ ಒಂದೇ ಕ್ಷಣದಲ್ಲಿ ಎರಡೂ ಕಡೆ ಸದ್ದಾಗುವುದಿಲ್ಲ. ಕೋಬಾಲ್ಟ್-60 ಇಟ್ಟು, ವೀಟೋವನ್ನು ಸೀಸದ ಒಳಗೇ ಇಟ್ಟಿದ್ದರೆ ನಿಮ್ಮ ಅನುಮಾನ ಖಂಡಿತ ನಿಜವಾಗುತ್ತಿತ್ತು.

ಕಳ್ಳ ನಿಮ್ಮ ಗೇಟ್. ಸೆಕೆಂಡಿಗೆ 300 ಸಲ ಬಾಗಿಲು ಮುಚ್ಚುತ್ತೀರಿ, ಪ್ರತಿ ಸಲ 5 ಮಿಲಿಸೆಕೆಂಡ್. ಗುಣಿಸಿದರೆ 1.5. ನಿಮ್ಮ ಕೋಡಿನಲ್ಲಿ ಮುಚ್ಚಿದ ಬಾಗಿಲು ಹೊಸ ಪಲ್ಸ್ ಬಂದರೆ ಇನ್ನೂ ಮುಂದಕ್ಕೆ ಮುಚ್ಚಿಯೇ ಇರುತ್ತದೆ. ಹಾಗಾಗಿ ಬಾಗಿಲು ತೆರೆದಿರುವ ಪಾಲು `exp(-1.5)`, ಅಂದರೆ 22%. 82ರ 22% ಎಷ್ಟು? 18. ನಿಮ್ಮ ಅಂಕಿಯೇ ಬಂತು, ಅಲ್ವಾ?

ಸೀಸದಗೂಡು:
ಅಯ್ಯೋ. ಹಾಗಾದರೆ 2 ಅನ್ನುವುದು ಸುಳ್ಳಾ?

ಎಣಿಕೆಗಾರ:
ಪೂರ್ತಿ ಸುಳ್ಳಲ್ಲ. ಸುಮ್ನೆ ಬಾಗಿಲು ಮುಚ್ಚಿದ್ದರಿಂದಲೇ ಇಳಿದಿದ್ದರೆ 20 ಹೋಗಿ 4.4 ಆಗಬೇಕಿತ್ತು. 2 ಬಂದಿದೆ. 2ನ್ನು 0.22ರಿಂದ ಭಾಗಿಸಿ ನೋಡಿ, 9. ಅಂದರೆ ವೀಟೋ ನಿಜವಾಗಿಯೂ ನಿಮಿಷಕ್ಕೆ ಸುಮಾರು 11 ಮ್ಯುವಾನ್ ಹಿಡಿಯುತ್ತಿದೆ. ಉಳಿದದ್ದು ಕಳ್ಳಲೆಕ್ಕ.

ಹಿನ್ನೆಲೆ ಒಂದನ್ನೇ ನೋಡಿ ಮೋಸ ಹೋಗುವುದು ಇಲ್ಲೇ. ದುರ್ಬಲ ಸ್ಯಾಂಪಲ್‌ಗೆ ನೋಡಬೇಕಾದ್ದು ಸ್ಯಾಂಪಲ್ ಎಣಿಕೆಯ ವರ್ಗವನ್ನು ಹಿನ್ನೆಲೆಯಿಂದ ಭಾಗಿಸಿದ್ದು. ವೀಟೋ ಇಲ್ಲದೆ `82²/20 = 336`. ನಿಮ್ಮ 5 ಮಿಲಿಸೆಕೆಂಡಿನಲ್ಲಿ `18²/2 = 162`. ಹಿನ್ನೆಲೆ ಹತ್ತರಲ್ಲಿ ಒಂದು ಪಾಲಾಯಿತು, ಯಂತ್ರ ಮಾತ್ರ ಮೊದಲಿಗಿಂತ ಕೆಟ್ಟದಾಯಿತು.

ಜೋಡಿಟ್ಯೂಬ್:
ನಾನೂ ಎರಡು ಗೈಗರ್ ಟ್ಯೂಬ್ ಒಂದರ ಮೇಲೊಂದು ಇಟ್ಟು ಇದನ್ನೇ ಮಾಡಿದ್ದೇನೆ. ಎರಡೂ ಒಟ್ಟಿಗೆ ಬಡಿದಾಗ ಮಾತ್ರ ಎಣಿಸಿ. ಆಕಸ್ಮಿಕ ಜೋಡಿ `2τR1R2` ಅಷ್ಟೇ ಬರುತ್ತದೆ, ಹಿನ್ನೆಲೆ ಸೊನ್ನೆಗೆ ಹತ್ತಿರ. ನನ್ನದು ಎರಡು ವರ್ಷದಿಂದ ಓಡುತ್ತಿದೆ.

ಎಣಿಕೆಗಾರ:
ಅದು ಮ್ಯುವಾನ್ ಹಿಡಿಯಲು ಚೆನ್ನ. ಇವರಿಗೆ ಬೇಕಾದ್ದು ಉಲ್ಟಾ, ಮ್ಯುವಾನ್ ಬಿಡುವುದು. ಪುಡಿಯ ಬೀಟಾ ಎರಡು ಟ್ಯೂಬ್ ದಾಟುವುದೇ ಕಷ್ಟ.

ಸೀಸದಗೂಡು:
ಹಾಗಾದರೆ 1 ಮೈಕ್ರೋಸೆಕೆಂಡ್‌ಗೆ ಯಾಕೆ ಏನೂ ಹಿಡಿಯಲಿಲ್ಲ? ಮ್ಯುವಾನ್ ಎರಡನ್ನೂ ಒಟ್ಟಿಗೇ ದಾಟುತ್ತದಲ್ಲ?

ಎಣಿಕೆಗಾರ:
ದಾಟುತ್ತದೆ, ಸಂಶಯವಿಲ್ಲ. ಆದರೆ ನಿಮ್ಮ ಬೋರ್ಡಿಗೆ ಸುದ್ದಿ ಒಟ್ಟಿಗೆ ಬರುವುದಿಲ್ಲ. ಟ್ಯೂಬಿನ ಪಲ್ಸ್ ಎಲ್ಲಿಂದ ತೆಗೆದಿದ್ದೀರಿ? ಕಿಟ್‌ನ ಟಕ್‌ಟಕ್ ಸದ್ದಿನ ಪಿನ್ನಿನಿಂದ ತೆಗೆದಿದ್ದರೆ, ಅದಕ್ಕೂ ಮುಂಚೆ ಫಿಲ್ಟರ್ ಇರುತ್ತದೆ, ಅಲ್ಲಿ ತಡವಾಗುತ್ತದೆ. ಇನ್ನೊಂದು, 16 ಮೆಗಾಹರ್ಟ್ಸ್ ಬೋರ್ಡಿನಲ್ಲಿ `micros()` 4 ಮೈಕ್ರೋಸೆಕೆಂಡ್ ಹೆಜ್ಜೆಯಲ್ಲಿ ಏರುತ್ತದೆ. ಅದರಲ್ಲಿ 1 ಅಂತ ಬರೆದರೆ ಅರ್ಥವೇ ಇಲ್ಲ.

ಊಹೆ ಬೇಡ. ಸ್ಕೋಪನ್ನು ಟ್ಯೂಬಿನ ಪಲ್ಸ್ ಮೇಲೆ ಟ್ರಿಗರ್ ಮಾಡಿ, ಹಿಂದಿನ 100 ಮೈಕ್ರೋಸೆಕೆಂಡಿನಲ್ಲಿ ಸಿಂಟಿಲೇಟರ್ ಪಲ್ಸ್ ಎಲ್ಲಿ ಗುಂಪು ಕಟ್ಟುತ್ತದೆ ನೋಡಿ. ಚದುರಿದವು ಆಕಸ್ಮಿಕ. ಗುಂಪಾದವು ಮ್ಯುವಾನ್. ಪುಡಿಯನ್ನು ತೆಗೆದಿಡಿ, ಇಲ್ಲದಿದ್ದರೆ ಚದುರಿದವೇ ಜಾಸ್ತಿ ಕಾಣುತ್ತವೆ.

ಸೀಸದಗೂಡು (ಮೂರು ದಿನದ ನಂತರ):
ನೋಡಿದೆ. ಗುಂಪು ಟ್ಯೂಬಿನ ಪಲ್ಸಿಗಿಂತ 20ರಿಂದ 28 ಮೈಕ್ರೋಸೆಕೆಂಡ್ ಮುಂಚೆ ಇದೆ. ನೀವಂದಂತೆ ಸದ್ದಿನ ಪಿನ್ನಿಂದಲೇ ತೆಗೆದಿದ್ದೆ, ನಾಚಿಕೆ. ಗೇಟ್ 60 ಮಾಡಿದ್ದೇನೆ. ಒಂದು ರಾತ್ರಿ ಓಡಿಸಿದ್ದಕ್ಕೆ ಹಿನ್ನೆಲೆ 9.4. ಪುಡಿ 81.

ಎಣಿಕೆಗಾರ:
`81²/9.4`, ಸುಮಾರು 700. ಮೊದಲಿನ 336ಕ್ಕಿಂತ ದುಪ್ಪಟ್ಟು. 300 ಗುಣಿಸು 60 ಮೈಕ್ರೋಸೆಕೆಂಡ್, ನಷ್ಟ 1.8% ಮಾತ್ರ.

ಆ 300ನ್ನೂ ಇಳಿಸಬಹುದು. 2 ಸೆಂ.ಮೀ. ಪ್ಲಾಸ್ಟಿಕ್ಕನ್ನು ನೇರವಾಗಿ ದಾಟುವ ಮ್ಯುವಾನ್ ಅದರಲ್ಲಿ ಸುಮಾರು 4 ಎಂಇವಿ ಬಿಡುತ್ತದೆ. ಸುತ್ತಲಿನ ಗಾಮಾಗಳಲ್ಲಿ ಜೋರಾದ 2.6 ಎಂಇವಿ ಕೂಡ ಒಂದು ಸಲ ಚದುರಿದರೆ 2.4 ಮೀರಿ ಕೊಡುವುದಿಲ್ಲ. ನಡುವೆ 3ರ ಹತ್ತಿರ ಥ್ರೆಶೋಲ್ಡ್ ಇಟ್ಟರೆ 300 ಹೋಗಿ ಸೆಕೆಂಡಿಗೆ 15ರ ಸುಮಾರಿಗೆ ಬರಬೇಕು. 900 ಚದರ ಸೆಂ.ಮೀ. ಹಲಗೆಗೆ ಅಷ್ಟೇ ಮ್ಯುವಾನ್ ಬರುವುದು.

ಬೆಳಕುಬಲೆ:
ಎಚ್ಚರ, ಅಷ್ಟು ಮೇಲೆ ಇಡಬೇಡಿ. ನನ್ನ ಹಲಗೆಯಲ್ಲಿ ಸೆನ್ಸರ್ ಒಂದು ಮೂಲೆಯಲ್ಲಿತ್ತು. ಎದುರು ಮೂಲೆಯ ಬೆಳಕು ಅರ್ಧವೂ ತಲುಪುತ್ತಿರಲಿಲ್ಲ. ಥ್ರೆಶೋಲ್ಡ್ ಏರಿಸಿದಾಗ ದರ ಚಂದವಾಗಿ ಇಳಿಯಿತು, ಆದರೆ ಆ ಮೂಲೆಯ ಮ್ಯುವಾನ್‌ಗಳೂ ಹೋದವು, ಹಿನ್ನೆಲೆ ಏರಿತು. ಎರಡು ತುದಿಗೆ ಎರಡು ಸೆನ್ಸರ್ ಹಾಕಿ, ಎರಡೂ ಒಟ್ಟಿಗೆ ಕಂಡರೆ ಮಾತ್ರ ವೀಟೋ ಅಂದೆ. ಸೆನ್ಸರಿನ ಸ್ವಂತ ಗದ್ದಲ ಅಲ್ಲೇ ಸತ್ತಿತು, ಥ್ರೆಶೋಲ್ಡ್ ಕೆಳಗೇ ಇಡಬಹುದಾಯಿತು. ಗಾಮಾ ಮಾತ್ರ ಇದಕ್ಕೆ ಬಗ್ಗುವುದಿಲ್ಲ.

ಎಣಿಕೆಗಾರ:
ಒಳ್ಳೆ ಮಾತು. 60 ಮೈಕ್ರೋಸೆಕೆಂಡ್ ಗೇಟ್ ಇರುವಾಗ 300 ಇದ್ದರೂ ಭಾರವಿಲ್ಲ. ಥ್ರೆಶೋಲ್ಡನ್ನು ಒಂದೊಂದೇ ಮೆಟ್ಟಿಲು ಏರಿಸಿ. ಹಿನ್ನೆಲೆ ಏರಲು ಶುರುವಾದರೆ ಒಂದು ಮೆಟ್ಟಿಲು ಹಿಂದೆ ಬನ್ನಿ.

ಸೀಸದಗೂಡು:
ಉಳಿದ 9.4 ಏನು? ಇದನ್ನು ಇನ್ನೂ ಇಳಿಸಬಹುದಾ?

ಎಣಿಕೆಗಾರ:
ಒಂದು ಪಾಲು ಓರೆಯಾಗಿ ಬಂದು ಹಲಗೆ ತಪ್ಪಿಸಿಕೊಂಡ ಮ್ಯುವಾನ್. ಟ್ಯೂಬ್ ಹಲಗೆಯಿಂದ 15 ಸೆಂ.ಮೀ. ಕೆಳಗಿದ್ದರೆ ಐದರಲ್ಲಿ ಒಂದು ಹಾಗೆ ಹೋಗುತ್ತದೆ. ಲಿಬ್ಬಿ ತನ್ನ ಕಾರ್ಬನ್-14 ಕೌಂಟರ್ ಸುತ್ತ ಗೈಗರ್ ಟ್ಯೂಬುಗಳ ಉಂಗುರವನ್ನೇ ಕಟ್ಟಿದ್ದು ಇದಕ್ಕೆ. ಕಬ್ಬಿಣದ ಗೂಡು ನಿಮಿಷಕ್ಕೆ 100ಕ್ಕೆ ತಂದದ್ದನ್ನು ಆ ಉಂಗುರ 5ರ ಹತ್ತಿರಕ್ಕೆ ತಂದಿತು. ನಿಮಗೂ ಪಕ್ಕದ ಹಲಗೆಗಳು ಬೇಕಾಗುತ್ತವೆ.

ಭಾರದಕಲ್ಲು:
ಸೀಸದ ಒಳಗಿನ ಸೀಸ-210 ಇರಬಹುದಲ್ಲ? ಹೊಸ ಸೀಸವಾದರೆ ಅದರ ಅರ್ಧಾಯುಷ್ಯ 22 ವರ್ಷ, ಸುಮ್ಮನೆ ಕೂರುವುದಿಲ್ಲ. ಒಳಗೆ ತಾಮ್ರದ ಹಾಳೆ ಹಾಕಿ ನೋಡಿ.

ಎಣಿಕೆಗಾರ:
ಇರಬಹುದು, ಈ ಸಲ ನಿಮ್ಮ ಪಕ್ಷ. ಟ್ಯೂಬಿನ ಗೋಡೆಯದ್ದೂ ಇರಬಹುದು, ಅದಾದರೆ ತಾಮ್ರದಿಂದ ಏನೂ ಆಗದು. ತಾಮ್ರ ಮೊದಲು, ಹಲಗೆ ಆಮೇಲೆ. ಎರಡನ್ನೂ ಒಟ್ಟಿಗೆ ಹಾಕಿದರೆ ಯಾವುದರಿಂದ ಇಳಿಯಿತು ಗೊತ್ತಾಗುವುದಿಲ್ಲ.

ಸೀಸದಗೂಡು:
2 ಮಿ.ಮೀ. ತಾಮ್ರದ ತಗಡು ಇದೆ. ನಾಳೆ ಬಗ್ಗಿಸಿ ಹಾಕುತ್ತೇನೆ. ಪ್ರತಿ ಸಲವೂ ಪುಡಿಯನ್ನೂ ಎಣಿಸಿಯೇ ಇಲ್ಲಿ ಬರೆಯುತ್ತೇನೆ.