ಪದಚರ್ಚೆ: ವಿನಿಮಯ ದರ ಏರಬಹುದೆಂದು ತೆಗೆದಿಡುವ ಹಣಕ್ಕೆ ಏನೆನ್ನಬೇಕು?

ಕೇಳಿಕೆ, ಮೈಸೂರಿನಿಂದ

ಬೆಂಗಳೂರಿನಲ್ಲಿ ನಡೆಯುವ ಎರಡು ದಿನದ ಸಮ್ಮೇಳನದ ಬಜೆಟ್ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದು ಟ್ರಸ್ಟಿನ ಸಮಿತಿಯ ಮುಂದಿಡಬೇಕಿದೆ. ಹೊರದೇಶದ ಭಾಷಣಕಾರರ ಒಪ್ಪಂದಗಳು ಮೂರು ಕರೆನ್ಸಿಗಳಲ್ಲಿವೆ: ಒಟ್ಟು 12,000 ಡಾಲರ್, 6,000 ಯೂರೊ, 4,000 ಪೌಂಡ್. ಪ್ರತಿಯೊಂದರಲ್ಲೂ ಕಾಲುಭಾಗ ಮುಂಗಡ ಹೋಗಿದೆ. ಮಿಕ್ಕಿದ್ದು ಆರು ತಿಂಗಳ ನಂತರ, ಕಾರ್ಯಕ್ರಮ ಮುಗಿದ ಮೇಲೆ. ಅಷ್ಟರೊಳಗೆ ರೂಪಾಯಿ ಇಳಿದರೆ ಕೈಕಟ್ಟದಿರಲಿ ಎಂದು ಒಂದಿಷ್ಟು ಹಣ ತೆಗೆದಿಡುತ್ತಿದ್ದೇವೆ. ಆ ಸಾಲಿಗೆ ಏನು ಹೆಸರು? ಕರಡಿನಲ್ಲಿ ‘ದರದ ಅಂಚು’ ಎಂದಿದೆ. ಓದಿದವರಿಗೆ ಸೀರೆಯ ಅಂಚು ನೆನಪಾದೀತೇ ಹೊರತು ದುಡ್ಡಲ್ಲ.

ಇನ್ನೊಂದು ಸಣ್ಣ ಸಂದೇಹ. ವಿಮಾನದ ಟಿಕೆಟ್ ಹಣವನ್ನು ‘ಅಂದಿನ ದರದಲ್ಲಿ’ ಮರಳಿಸುತ್ತೇವೆ ಎಂದು ಬರೆದರೆ ಸಾಲದೇ?

ಧಾರವಾಡದಿಂದ, ಖಜಾನೆ ಇಲಾಖೆಯ ನಿವೃತ್ತರು

ಹೊಸ ಪದ ಯಾಕೆ ಬೇಕು? ‘ಸಾದಿಲ್ವಾರು’ ಇದೆಯಲ್ಲ. ಸಂವಿಧಾನದ 267ನೆಯ ಅನುಚ್ಛೇದ ಹೇಳುವ ನಿಧಿಯನ್ನು ನಮ್ಮಲ್ಲಿ ಸಾದಿಲ್ವಾರು ನಿಧಿ ಎಂದೇ ಕರೆಯುತ್ತೇವೆ. ಮುಂಚೆ ಊಹಿಸದ ಖರ್ಚಿಗೆ ಇಟ್ಟ ಹಣ ಅದು. ನಿಮ್ಮದೂ ಅದೇ. ಒಟ್ಟು ಬಜೆಟ್ಟಿನ ಮೇಲೆ ಶೇ. 10 ಹಾಕಿ ಈ ಹೆಸರು ಬರೆಯಿರಿ, ಕೆಲಸ ಮುಗಿಯಿತು.

ಮಂಗಳೂರಿನಿಂದ

ಹಣ ಬದಲಾಯಿಸುವ ವ್ಯವಹಾರಕ್ಕೆ ನಮ್ಮಲ್ಲಿ ಹಳೆಯ ಒಳ್ಳೆಯ ಮಾತೊಂದಿದೆ: ‘ವಟ್ಟ’. ಚಿನಿವಾರರು ಒಂದು ನಾಣ್ಯ ಕೊಟ್ಟು ಇನ್ನೊಂದು ತೆಗೆದುಕೊಳ್ಳುವಾಗ ಹಿಡಿಯುತ್ತಿದ್ದ ಹಣ. ಬಜೆಟ್ಟಿನಲ್ಲಿ ‘ವಟ್ಟದ ಬಾಬ್ತು’ ಎಂದರೆ ಎಷ್ಟು ಚೆನ್ನ!

ಬೆಂಗಳೂರಿನಿಂದ, ಸಮ್ಮೇಳನಗಳ ಲೆಕ್ಕ ನೋಡುವವರು

ಇಬ್ಬರು ಹೇಳಿದ್ದೂ ಬೇಕಾದ ಪದಗಳೇ. ಆದರೆ ಕೇಳಿದ ಹಣಕ್ಕೆ ಎರಡೂ ಹೊಂದುವುದಿಲ್ಲ.

ವಟ್ಟ ಎಂಬುದು ಖಂಡಿತವಾಗಿ ಹೋಗುವ ಹಣ. ಫೋನಿನ ಪರದೆಯಲ್ಲಿ ಡಾಲರಿಗೆ 88.80 ಎಂದು ಕಾಣುತ್ತದೆ ಎನ್ನಿ. ಹೊರದೇಶಕ್ಕೆ ಹಣ ಕಳಿಸಲು ಹೋದಾಗ ಬ್ಯಾಂಕು ತನ್ನ ಮಾರಾಟದ ದರ ಹಿಡಿಯುತ್ತದೆ. ಅದು 90 ಇದ್ದೀತು. ನಡುವಿನ 1 ರೂಪಾಯಿ 20 ಪೈಸೆಯೇ ಇಂದಿನ ವಟ್ಟ. ನೀವು ಕೊಡಬೇಕಾದ 9,000 ಡಾಲರಿಗೆ ಅದು 10,800 ರೂಪಾಯಿ. ರೂಪಾಯಿ ಏರಲಿ ಇಳಿಯಲಿ, ಅದು ಹೋಗಿಯೇ ಹೋಗುತ್ತದೆ. ಹೀಗಾಗಿ ಅದರ ಜಾಗ ಖರ್ಚಿನಲ್ಲಿ, ತೆಗೆದಿಟ್ಟ ಹಣದಲ್ಲಲ್ಲ. ಪರದೆಯ ದರದಲ್ಲಿ ಬಜೆಟ್ ಬರೆದವರು ದರ ಒಂದು ಪೈಸೆ ಅಲುಗದಿದ್ದರೂ ಕೊರತೆಗೆ ಬೀಳುವುದು ಇದರಿಂದಲೇ. ಬ್ಯಾಂಕಿನ ಮಾರಾಟದ ದರವನ್ನು ಕೇಳಿ, ಯಾವ ದಿನದ್ದೆಂದು ಟಿಪ್ಪಣಿಯಲ್ಲೇ ನಮೂದಿಸಿ.

ಸಾದಿಲ್ವಾರು ಎಂದರೆ ಕಚೇರಿಯಲ್ಲಿ ದಿನವೂ ಕೆಲಸ ಮಾಡುವವರಿಗೆ ಕಾಗದ, ಅಂಚೆ, ಚಿಲ್ಲರೆ ರಿಪೇರಿಯ ಬಿಲ್ಲು ಕಣ್ಣಮುಂದೆ ಬರುತ್ತದೆ. ನಿಮ್ಮ ಸಮಿತಿಯವರು ಅದನ್ನು ಹಾಗೇ ಓದಿ, ಮೈಕು ಕೆಟ್ಟಾಗ ಅದರಿಂದ ತೆಗೆದು ಖರ್ಚು ಮಾಡುತ್ತಾರೆ. ಕಾರ್ಯಕ್ರಮ ಮುಗಿದು ಡಾಲರ್ ಕೊಡುವ ದಿನ ಆ ಸಾಲು ಬರಿದಾಗಿರುತ್ತದೆ.

ಒಟ್ಟು ಬಜೆಟ್ಟಿನ ಮೇಲೆ ಶೇಕಡಾ ಹಾಕುವುದೂ ತಪ್ಪು, ಸರ್. ಊಟ, ಸಭಾಂಗಣ, ಹೋಟೆಲು ರೂಪಾಯಿಯಲ್ಲಿವೆ. ಅವಕ್ಕೂ ಡಾಲರಿಗೂ ಸಂಬಂಧವಿಲ್ಲ. ಮುಂಗಡವಾಗಿ ಹೋದ ಕಾಲುಭಾಗದ ದರವೂ ತೀರ್ಮಾನವಾಗಿದೆ. ಅಪಾಯದಲ್ಲಿರುವುದು ಇನ್ನೂ ಕೊಡದ ಮುಕ್ಕಾಲು ಮಾತ್ರ. ಬ್ಯಾಂಕಿನ ದರ ಕ್ರಮವಾಗಿ 90, 104, 120 ಎಂದು ಹಿಡಿದರೆ 9,000 ಡಾಲರಿಗೆ 8,10,000, 4,500 ಯೂರೊಗೆ 4,68,000, 3,000 ಪೌಂಡಿಗೆ 3,60,000. ಒಟ್ಟು 16,38,000 ರೂಪಾಯಿ. ಶೇಕಡಾ ಹಾಕಬೇಕಾದದ್ದು ಇದರ ಮೇಲೆ, ಅದೂ ಕರೆನ್ಸಿಗೊಂದರಂತೆ. ಡಾಲರಿಗೆ ಶೇ. 6, ಉಳಿದೆರಡಕ್ಕೆ ಶೇ. 8 ಎಂದರೆ 48,600, 37,440 ಮತ್ತು 28,800, ಕೂಡಿದರೆ 1,14,840.

ಕರೆನ್ಸಿಗೊಂದು ಯಾಕೆಂದರೆ ಅವು ಒಟ್ಟಿಗೆ ನಡೆಯುವುದಿಲ್ಲ. 2022ರಲ್ಲಿ ಡಾಲರ್ ಜನವರಿಯ ಸುಮಾರು 74.5ರಿಂದ ಅಕ್ಟೋಬರಿಗೆ 83ರ ಹತ್ತಿರ ಹೋಯಿತು. ಅದೇ ವರ್ಷ ಯೂರೊ ಡಾಲರಿನೆದುರು ಕುಸಿದು, ರೂಪಾಯಿ ಲೆಕ್ಕದಲ್ಲೂ ಕೆಲಕಾಲ ಅಗ್ಗವಾಗಿತ್ತು. ಶೇಕಡಾ ಎಷ್ಟೆಂದು ಗೊತ್ತುಮಾಡಲು, ಹಿಂದಿನ ಹತ್ತು ವರ್ಷದ ದರಗಳಲ್ಲಿ ನಿಮ್ಮ ಅವಧಿಯಷ್ಟೇ, ಅಂದರೆ ಆರು ತಿಂಗಳ, ಏರಿಕೆಗಳನ್ನು ನೋಡಿ. ಅಪರೂಪದ್ದಕ್ಕೆಲ್ಲ ಹಣ ಕಟ್ಟಿಡಲಾಗದು. 2013ರ ಮೇ ತಿಂಗಳ ಆರಂಭದಲ್ಲಿ 54ರ ಆಸುಪಾಸಿದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತ್ತು. ಅಂಥ ವರ್ಷ ನನ್ನ ಶೇ. 6 ಎಲ್ಲಿಗೂ ಸಾಲದು. ಅಂಥದ್ದಕ್ಕೆ ಬ್ಯಾಂಕಿನ ಜೊತೆ ಮುಂಗಡವಾಗಿ ದರ ಕಟ್ಟಿಕೊಳ್ಳುವ ಫಾರ್ವರ್ಡ್ ಕರಾರೇ ದಾರಿ. ಅದರ ದರ ಸಾಮಾನ್ಯವಾಗಿ ಇಂದಿನದಕ್ಕಿಂತ ತುಸು ಹೆಚ್ಚಿರುತ್ತದೆ. ಕಾರ್ಯಕ್ರಮ ರದ್ದಾದರೆ ಕರಾರನ್ನು ಮುರಿಯುವ ಖರ್ಚೂ ನಿಮ್ಮ ತಲೆಗೇ.

ದುಬೈಯಿಂದ, ಕನ್ನಡ ಸಂಘದವರು

ನಾವು ಪ್ರತಿವರ್ಷ ಊರಿನಿಂದ ಕಲಾವಿದರನ್ನು ಕರೆಸುತ್ತೇವೆ. ದಿರ್ಹಮ್ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿದೆ, ಅಲುಗುವುದಿಲ್ಲ. ಹೀಗಾಗಿ ಈ ತಲೆನೋವೇ ಇಲ್ಲ. ನೀವೂ ಎಲ್ಲ ಒಪ್ಪಂದವನ್ನು ಡಾಲರಿಗೆ ತಂದರೆ ಪದವೂ ಬೇಡ, ಹಣವೂ ಬೇಡ.

ಬೆಂಗಳೂರಿನಿಂದ

ಅಣ್ಣಾ, ನಿಮ್ಮ ದಿರ್ಹಮ್ ಕಟ್ಟಿರುವುದು ಡಾಲರಿಗೆ, ರೂಪಾಯಿಗಲ್ಲ. ಕಲಾವಿದರಿಗೆ ರೂಪಾಯಿಯಲ್ಲಿ ಕೊಡುತ್ತೀರಾದರೆ ರೂಪಾಯಿ ಇಳಿದಾಗ ನಿಮಗೆ ಉಳಿಯುತ್ತದೆ, ಏರಿದಾಗ ಹೆಚ್ಚು ಹೋಗುತ್ತದೆ. ಇತ್ತೀಚೆಗೆ ಇಳಿದದ್ದೇ ಹೆಚ್ಚಾದ್ದರಿಂದ ತಲೆನೋವು ಕಂಡಿಲ್ಲ. ಮೈಸೂರಿನವರು ಎಲ್ಲವನ್ನೂ ಡಾಲರಿಗೆ ತಂದರೆ ಕರೆನ್ಸಿ ಮೂರರ ಬದಲು ಒಂದಾಗುತ್ತದೆ ಅಷ್ಟೇ, ಅಪಾಯ ಉಳಿಯುತ್ತದೆ. ಅವರಿಗೆ ಡಾಲರಿನಲ್ಲಿ ಪ್ರಾಯೋಜಕರ ಹಣ ಬರುವುದಿದ್ದರೆ ಆ ಮಾತು ಬೇರೆ. ಬಂದದ್ದನ್ನೇ ಕೊಡಬಹುದು, ಬರುವ ಕಾಲ ಮತ್ತು ಕೊಡುವ ಕಾಲ ಹೊಂದಿದರೆ.

‘ಅಂದಿನ ದರ’ದ ವಿಷಯಕ್ಕೆ ಬರುತ್ತೇನೆ, ಜಗಳ ಹುಟ್ಟುವುದು ಅಲ್ಲೇ. ಎಂದಿನ ದರ? ಟಿಕೆಟ್ ಕೊಂಡ ದಿನದ್ದೋ, ಬಿಲ್ಲು ಕಳಿಸಿದ ದಿನದ್ದೋ, ಬ್ಯಾಂಕು ನಿಮ್ಮ ಖಾತೆಯಿಂದ ಹಣ ಮುರಿದುಕೊಂಡ ದಿನದ್ದೋ? ಭಾಷಣಕಾರರು ಪೌಂಡಿನಲ್ಲಿ ಟಿಕೆಟ್ ಕೊಂಡು ನೀವು ಡಾಲರಿನಲ್ಲಿ ಮರಳಿಸುವುದಾದರೆ ಮೂರು ದಿನಕ್ಕೆ ಮೂರು ಉತ್ತರ. ‘ಚಾಲ್ತಿ ದರ’ ಎಂದರೂ ಇದೇ ಕಥೆ. ಹೀಗೆ ಬರೆಯಿರಿ: “ಟಿಕೆಟ್ ಕೊಂಡ ಕರೆನ್ಸಿಯಲ್ಲೇ, ರಸೀದಿಯಲ್ಲಿರುವ ಮೊತ್ತವನ್ನೇ ಮರಳಿಸಲಾಗುವುದು.” ದರದ ಮಾತೇ ಬೇಡ. ಕಳಿಸುವ ಖರ್ಚು ಯಾರದೆಂದೂ ಸೇರಿಸಿ. ಬ್ಯಾಂಕಿನ ಅರ್ಜಿಯಲ್ಲಿ `OUR` ಎಂದು ಗುರುತಿಸಿದರೆ ಅದು ನಿಮ್ಮದು. `SHA` ಎಂದಿದ್ದರೆ ನಡುವಿನ ಬ್ಯಾಂಕು ಮುರಿದುಕೊಂಡು ಅವರಿಗೆ ಕಡಿಮೆ ಮುಟ್ಟಬಹುದು.

ಹೆಸರಿಗೆ ನನ್ನ ಮತ ‘ದರ ಏರಿಕೆಗೆ ಮೀಸಲು’. ಯಾತಕ್ಕೆ ಇಟ್ಟದ್ದೆಂದು ಹೆಸರೇ ಹೇಳಿದರೆ ಬೇರೆಯದಕ್ಕೆ ಕೈಹಾಕುವುದು ಕಷ್ಟ.

ಧಾರವಾಡದಿಂದ

ಶೇಕಡಾದ ಮಾತು ಒಪ್ಪಿದೆ. ‘ಮೀಸಲು’ ಒಪ್ಪಲಾರೆ. ಲೆಕ್ಕಪತ್ರದಲ್ಲಿ ಮೀಸಲು ಎಂದರೆ ಉಳಿಕೆಯಿಂದ ತೆಗೆದಿಟ್ಟದ್ದು, ವರ್ಷ ದಾಟಿಯೂ ನಿಲ್ಲುವಂಥದ್ದು. ನಿಮ್ಮದು ಕೊನೆಯ ಕಂತು ಹೋದೊಡನೆ ಕರಗಬೇಕು. ‘ದರ ಏರಿಕೆಗೆ ಕಾದಿಟ್ಟ ಹಣ’ ಎನ್ನಿ.

ಮೈಸೂರಿನಿಂದ

ಎಲ್ಲರಿಗೂ ವಂದನೆ. ಟಿಪ್ಪಣಿಯಲ್ಲಿ ಎರಡು ಸಾಲು ಬರೆದಿದ್ದೇನೆ. ‘ಬ್ಯಾಂಕಿನ ವಟ್ಟ’ ಖರ್ಚಿನ ಪಟ್ಟಿಯಲ್ಲಿ, ದರದಲ್ಲೇ ಸೇರಿದೆ ಎಂಬ ಷರಾದೊಂದಿಗೆ. ‘ದರ ಏರಿಕೆಗೆ ಕಾದಿಟ್ಟ ಹಣ’ 1,14,840 ಪ್ರತ್ಯೇಕ. ಯೂರೊ ಕಂತು ಹೋದ ದಿನ ಅದರ ಪಾಲಿನಲ್ಲಿ ಉಳಿದದ್ದು ಬಿಡುಗಡೆ, ಹಾಗೇ ಉಳಿದೆರಡು. ಅಂಚು ಹೋಯಿತು. ಒಂದು ಮಾತ್ರ ಬಾಕಿ: ದರ ಇಳಿದು, ಬಜೆಟ್ಟಿಗಿಂತ ಕಡಿಮೆ ರೂಪಾಯಿಯಲ್ಲಿ ಕಂತು ತೀರಿದರೆ ಆ ವ್ಯತ್ಯಾಸವನ್ನು ‘ಉಳಿತಾಯ’ ಎನ್ನಲು ಖಜಾಂಚಿಯವರು ಒಪ್ಪುತ್ತಿಲ್ಲ, ನಾವೇನೂ ಉಳಿಸಲಿಲ್ಲ ಎನ್ನುತ್ತಾರೆ. ಅದಕ್ಕೇನು ಹೆಸರು?