ಪದಚರ್ಚೆ: ‘ಆಂಟಿ’, ‘ಪೇರ್ ಪ್ಲಸ್’, ‘ಹೌಸ್ ಎಡ್ಜ್’ – ಶನಿವಾರದೊಳಗೆ ಕನ್ನಡ ಬೇಕು

ಸವಿತಾ, ಧಾರವಾಡ:

ಎಲ್ಲರಿಗೂ ನಮಸ್ಕಾರ. ಗೋವಾಕ್ಕೆ ಹೋಗಿ ಕ್ಯಾಸಿನೊದಲ್ಲಿ ಕೈ ಸುಟ್ಟುಕೊಂಡು ಬರುವ ಹುಡುಗರಿಗಾಗಿ ಒಂದು ಸಣ್ಣ ಪುಸ್ತಿಕೆ ಅನುವಾದ ಮಾಡುತ್ತಿದ್ದೇನೆ. 24 ಪುಟ. ಗದಗಿನ ಪ್ರೆಸ್‌ಗೆ ಶನಿವಾರ ಕೊಡಬೇಕು. ಥ್ರೀ ಕಾರ್ಡ್ ಪೋಕರ್ ಅಧ್ಯಾಯದಲ್ಲಿ ಮೂರು ಪದ ಸಿಕ್ಕಿಹಾಕಿಕೊಂಡಿವೆ.

ಒಂದು, ಎಲೆ ಹಂಚುವ ಮೊದಲೇ ಇಡುವ ದುಡ್ಡು. ಇಂಗ್ಲಿಷಿನ ಪದವನ್ನೇ ‘ಆಂಟಿ’ ಎಂದು ಬರೆದೆ. ‘ಮೊದಲು ಟೇಬಲ್ ಮೇಲೆ ಆಂಟಿ ಇಡಿ’ ಎಂದು ಓದಿ ನನ್ನ ಮಗಳು ಬಿದ್ದು ಬಿದ್ದು ನಕ್ಕಳು. ಅದು ಆಗಲ್ಲ.

ಎರಡು, ಪೇರ್ ಪ್ಲಸ್. ನಮ್ಮ ಕೈಗೆ ಜೋಡಿ ಅಥವಾ ಅದಕ್ಕಿಂತ ಮೇಲಿನದ್ದು ಬರುತ್ತದೆ ಎಂದು ಬೇರೆಯಾಗಿ ಇಡುವ ದುಡ್ಡು. ‘ಜೋಡಿ ಪಣ’ ಎಂದೆ. ಓದಿದವರು ‘ಎರಡು ಸಲ ದುಡ್ಡು ಇಡೋದಾ?’ ಎಂದು ಕೇಳುತ್ತಿದ್ದಾರೆ.

ಮೂರು, ಹೌಸ್ ಎಡ್ಜ್. ಆಡುವವರು ಇಟ್ಟ ದುಡ್ಡಿನಲ್ಲಿ ಸರಾಸರಿ ಕ್ಯಾಸಿನೊ ಕಡೆಗೆ ಉಳಿಯುವ ಪಾಲು. ಹಿಂದಿನ ಅನುವಾದಕರು ‘ಮನೆಯ ಅಂಚು’ ಎಂದು ಬರೆದಿಟ್ಟಿದ್ದಾರೆ. ಅದರ ಬಗ್ಗೆ ನಾನು ಏನೂ ಹೇಳಲ್ಲ.

ಬಸು, ಹುಬ್ಬಳ್ಳಿ:

ಇದಕ್ಕೆಲ್ಲ ಇಷ್ಟು ತಲೆ ಯಾಕ್ರೀ ಅಕ್ಕಾ? ಇದು ನಮ್ಮ ಮೂರೆಲೆ ಆಟ. ತೀನ್ ಪತ್ತಿಯಲ್ಲಿ ಮೊದಲು ಇಡೋದಕ್ಕೆ ‘ಬೂಟ್’ ಅಂತಾರೆ. ದೀಪಾವಳಿಗೆ ನಮ್ಮ ಓಣಿಯಲ್ಲಿ ಚಿಕ್ಕ ಹುಡುಗರಿಗೂ ಗೊತ್ತು. ಬೂಟ್ ಅಂತ ಹಾಕಿಬಿಡಿ. ಪೇರ್ ಪ್ಲಸ್‌ಗೆ ‘ಜೋಡಿ ಬಾಜಿ’. ಹೌಸ್ ಎಡ್ಜ್‌ಗೆ ‘ದಲಾಲಿ’. ಅಮರಗೋಳ ಮಾರ್ಕೆಟಿನಲ್ಲಿ ಅಡತ್ತಿ ಅಂಗಡಿಯವರು ತಗೊಳ್ಳಲ್ವಾ, ಹಂಗೇ ಇದು. ಮುಗೀತು.

ನರಸಿಂಹ, ಧಾರವಾಡ:

ಬೂಟ್ ಅಂತೆ, ದಲಾಲಿ ಅಂತೆ. ಕನ್ನಡಕ್ಕೆ ಸ್ವಂತ ಪದವೇ ಇಲ್ಲವೇ? ‘ಒಡ್ಡ’ ಇದೆ. ಹಳಗನ್ನಡದಿಂದ ಬಂದ ಅಚ್ಚ ಪದ. ಅರ್ಥ ಜೂಜಿನಲ್ಲಿ ಇಟ್ಟದ್ದು, ಅಷ್ಟೇ. ‘ಪಣವೊಡ್ಡು’ ಎನ್ನುವಾಗ ‘ಪಣ’ ಸಂಸ್ಕೃತ, ‘ಒಡ್ಡು’ ನಮ್ಮದು. ಸಂಸ್ಕೃತದ ಅರ್ಧ ಬಿಡಿ, ನಮ್ಮ ಅರ್ಧ ಇಟ್ಟುಕೊಳ್ಳಿ. ಆಂಟಿಗೆ ‘ಮುನ್ನೊಡ್ಡ’. ಪೇರ್ ಪ್ಲಸ್‌ಗೆ ‘ಜೋಡಿಯೊಡ್ಡ’. ‘ಜೋಡಿ’ ಕೂಡ ಎರವಲೇ. ಆದರೆ ಇಷ್ಟಕ್ಕೆ ಸುಮ್ಮನಿರುತ್ತೇನೆ.

ಬಸು, ಹುಬ್ಬಳ್ಳಿ:

ಸರ್, ನಮ್ಮ ಕಡೆ ಒಡ್ಡು ಅಂದ್ರೆ ಹೊಲದ ಒಡ್ಡು. ‘ಮುನ್ನೊಡ್ಡ ಇಡಿ’ ಅಂದ್ರೆ ಹುಡುಗರು ಸಲಿಕೆ ತಗೊಂಡು ಬರ್ತಾರೆ.

ವೀಣಾ, ಗದಗ:

ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಪದಕ್ಕಿಂತ ಮೊದಲು ಆಟ ನೋಡೋಣ, ಇಲ್ಲದಿದ್ದರೆ ತಪ್ಪು ಪದ ಅಂಟಿಕೊಳ್ಳುತ್ತದೆ.

ಬಸು ಅವರೇ, ಬೂಟ್ ಹೊಂದಲ್ಲ. ತೀನ್ ಪತ್ತಿಯಲ್ಲಿ ಬೂಟ್ ನಡುವಿನ ರಾಶಿಗೆ ಹೋಗುತ್ತದೆ. ಕೊನೆಗೆ ಆಟಗಾರರಲ್ಲೇ ಒಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಇಲ್ಲಿ ರಾಶಿಯೇ ಇಲ್ಲ. ಪಕ್ಕದವನಿಗೂ ನಿಮಗೂ ಸಂಬಂಧವಿಲ್ಲ, ನಿಮ್ಮ ಲೆಕ್ಕ ಡೀಲರ್ ಜೊತೆ ಮಾತ್ರ. 100 ರೂಪಾಯಿ ಇಟ್ಟಿರಿ ಎನ್ನಿ. ಮೂರು ಎಲೆ ಬಂದವು, ನೋಡಿದಿರಿ. ಚೆನ್ನಾಗಿಲ್ಲ ಎಂದರೆ ಎಲೆ ಬಿಡುತ್ತೀರಿ, 100 ಹೋಯಿತು. ಆಡುತ್ತೇನೆ ಎಂದರೆ ಇನ್ನೊಂದು 100 ಇಡಬೇಕು. ಡೀಲರ್ ಕೈಯಲ್ಲಿ ಕಡೇಪಕ್ಷ ರಾಣಿ ಇಲ್ಲದಿದ್ದರೆ ಮೊದಲ 100ಕ್ಕೆ 100 ಗೆಲ್ಲುತ್ತೀರಿ, ಎರಡನೇ 100 ಸುಮ್ನೆ ವಾಪಸ್ ಬರುತ್ತದೆ. ರಾಣಿ ಅಥವಾ ಅದಕ್ಕಿಂತ ಮೇಲಿದ್ದು ನೀವು ಗೆದ್ದರೆ ಎರಡಕ್ಕೂ ಸಮ ದುಡ್ಡು. ಸೋತರೆ ಎರಡೂ ಹೋದವು.

ಯಾವಾಗ ಎರಡನೇ 100 ಇಡಬೇಕು ಎಂಬುದಕ್ಕೂ ಲೆಕ್ಕ ಇದೆ. ರಾಣಿ-ಆರು-ನಾಲ್ಕು ಅಥವಾ ಅದಕ್ಕಿಂತ ಮೇಲಿದ್ದರೆ ಇಡು, ಕೆಳಗಿದ್ದರೆ ಬಿಡು. ರಾಣಿ-ಆರು-ಮೂರು ಬಂದರೆ ಎದ್ದು ಚಹಾ ಕುಡಿಯಿರಿ.

ಗುರುಪಾದಪ್ಪ, ಹಾವೇರಿ:

ವೀಣಾ ಮೇಡಂ ಹೇಳಿದ್ದು ಕೇಳಿ ಒಂದು ನೆನಪಾಯಿತು. ಬ್ಯಾಡಗಿ ರಸ್ತೆಯಲ್ಲಿ ಎರಡು ಎಕರೆ ಜಮೀನಿಗೆ ನಾನು ಸಂಚಕಾರ ಕೊಟ್ಟಿದ್ದೆ. ಐವತ್ತು ಸಾವಿರ. ಕಾಗದ ಪತ್ರ ನೋಡಿದಾಗ ಒಂದು ಸಹಿ ಕಡಿಮೆ ಇತ್ತು. ಹಿಂದೆ ಸರಿದೆ. ಸಂಚಕಾರ ವಾಪಸ್ ಬರಲಿಲ್ಲ. ಇವತ್ತಿಗೂ ಆ ಮನುಷ್ಯ ಸಂತೆಯಲ್ಲಿ ಸಿಕ್ಕರೆ ಮುಖ ತಿರುವಿಕೊಳ್ಳುತ್ತಾನೆ. ಸಂಚಕಾರದ ಬಗ್ಗೆ ಪುಸ್ತಿಕೆಯಲ್ಲಿ ಎಚ್ಚರಿಕೆ ಬರೆಯಿರಿ ತಂಗಿ.

ಸವಿತಾ, ಧಾರವಾಡ:

ಕಾಕಾ, ನಾನು ಕೇಳಿದ್ದು ಜಮೀನಿನ ವಿಷಯ ಅಲ್ಲ. ಆದರೆ ನೀವು ಪದ ಕೊಟ್ಟುಬಿಟ್ಟಿರಿ! ಮೊದಲೇ ಇಡುವ ದುಡ್ಡು, ನೋಡಿದ ಮೇಲೆ ಹಿಂದೆ ಸರಿದರೆ ಹೋಗುತ್ತದೆ, ಮುಂದುವರಿದರೆ ಇನ್ನಷ್ಟು ಕೊಡಬೇಕು. ಸಂಚಕಾರವೇ ಅಲ್ವಾ?

ನರಸಿಂಹ, ಧಾರವಾಡ:

ಜಮೀನಿನ ಪದ ಜೂಜಿಗೆ. ಚೆನ್ನಾಗಿದೆ. ನಾಳೆ ಡೀಲರ್‌ಗೆ ‘ಸಬ್‌ರಿಜಿಸ್ಟ್ರಾರ್’ ಎನ್ನಿ.

ವೀಣಾ, ಗದಗ:

ಪೂರ್ತಿ ಹೊಂದಲ್ಲ ಸವಿತಾ. ಜಮೀನಿನಲ್ಲಿ ಸಂಚಕಾರ ಒಟ್ಟು ಬೆಲೆಯಲ್ಲಿ ಮುರಿಯುತ್ತದೆ. ಇಲ್ಲಿ ಮೊದಲ 100 ಬೇರೆ, ಎರಡನೇ 100 ಬೇರೆ, ಎರಡಕ್ಕೂ ಬೇರೆ ಬೇರೆ ತೀರ್ಮಾನ. ಆದರೂ ಬೂಟಿಗಿಂತ ಹತ್ತಿರ. ನನಗೆ ‘ಮೊದಲ ಪಣ’, ‘ಎರಡನೇ ಪಣ’ ಸಾಕು ಅನ್ನಿಸುತ್ತದೆ.

ಈಗ ನಿಜವಾದ ಗಂಟು, ಹೌಸ್ ಎಡ್ಜ್. ‘ದಲಾಲಿ’ ಯಾಕೆ ತಪ್ಪು ಎಂದರೆ, ದಲಾಲಿ ಪಟ್ಟಿಯಲ್ಲಿ ಕಾಣುತ್ತದೆ. ಎಷ್ಟು ಮುರಿದರು ಎಂದು ರೈತ ಓದಬಹುದು. ಇಲ್ಲಿ ಯಾರೂ ಏನೂ ಮುರಿಯುವುದಿಲ್ಲ. ಗೆದ್ದಾಗ ಕೊಡುವ ದುಡ್ಡು ಗೆಲ್ಲುವ ಕಷ್ಟಕ್ಕೆ ಹೋಲಿಸಿದರೆ ಸ್ವಲ್ಪ ಕಡಿಮೆ ಇರುತ್ತದೆ, ಅಷ್ಟೇ. ಒಂದು ಸಂಜೆಯಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ನಾನು ‘ಸವಕಳಿ’ ಎನ್ನುತ್ತೇನೆ. ನಾಣ್ಯ ಸವೆದ ಹಾಗೆ.

ಇನ್ನೊಂದು. ಶೇಕಡಾ ಎಂದು ಬರೆದರೆ ಸಾಲದು, ಯಾವುದರ ಶೇಕಡಾ ಎಂದು ಹೇಳಲೇಬೇಕು. ನಿಮ್ಮ ಮೂಲದಲ್ಲಿ 3.37 ಎಂದು ಇರಬೇಕಲ್ಲ?

ಸವಿತಾ, ಧಾರವಾಡ:

ಹೌದು. ಇನ್ನೊಂದು ಪುಟದಲ್ಲಿ 2.01 ಎಂದಿದೆ. ಅಚ್ಚಿನ ತಪ್ಪು ಅಂದುಕೊಂಡಿದ್ದೆ.

ವೀಣಾ, ಗದಗ:

ತಪ್ಪಲ್ಲ, ಎರಡೂ ಸರಿ. 100 ರೂಪಾಯಿಯಂತೆ 100 ಕೈ ಆಡಿದಿರಿ ಎನ್ನಿ. ಮೊದಲ ಪಣ ಒಟ್ಟು 10,000. ಸರಿಯಾಗಿ ಆಡಿದರೆ ಸುಮಾರು 67 ಕೈಗಳಲ್ಲಿ ಎರಡನೇ ಪಣ ಇಡುತ್ತೀರಿ. ಅಂದರೆ ಮೇಜಿನ ಮೇಲೆ ಇಟ್ಟದ್ದು ಒಟ್ಟು ಸುಮಾರು 16,700. ಸರಾಸರಿಯಲ್ಲಿ ಹೋಗುವುದು 337 ರೂಪಾಯಿ. ಅದನ್ನು 10,000ಕ್ಕೆ ಹಾಕಿದರೆ 3.37, ಇಟ್ಟ ಎಲ್ಲ ದುಡ್ಡಿಗೆ ಹಾಕಿದರೆ 2.01. ಸೀಕ್ವೆನ್ಸ್, ಅಂದರೆ ಸಾಲಾಗಿ ಬಂದ ಮೂರು ಎಲೆ, ಮತ್ತು ಅದಕ್ಕಿಂತ ಮೇಲಿನ ಕೈಗೆ ಮೊದಲ ಪಣದ ಮೇಲೆ ಕೊಡುವ ಬೋನಸ್ ಕೂಡ ಇದರಲ್ಲಿ ಸೇರಿದೆ. ಬೋನಸ್ ಪಟ್ಟಿ ಮೇಲಿನ ಕೈಯಿಂದ ಕೆಳಕ್ಕೆ 5, 4, 1 ಇದ್ದರೆ ಮಾತ್ರ ಈ ಅಂಕಿ.

ಬಸು, ಹುಬ್ಬಳ್ಳಿ:

ಹಂಗಿದ್ರೆ ರೂಲೆಟ್ಟಿಗಿಂತ ಇದು ಚಲೋನೋ ಕೆಟ್ಟದ್ದೋ? ಒಂದು ಸೊನ್ನೆಯ ರೂಲೆಟ್‌ನಲ್ಲಿ 2.70 ಅಂತ ಕೇಳಿದೀನಿ. ನಮ್ಮ ಒಳಗ-ಹೊರಗ?

ವೀಣಾ, ಗದಗ:

ಅಲ್ಲೇ ಜನ ಎಡವುವುದು. ರೂಲೆಟ್‌ನಲ್ಲಿ ನಡುವೆ ಎರಡನೇ ಪಣ ಇಲ್ಲ, 2.70 ಎಂದರೆ ಇಟ್ಟ ಎಲ್ಲದರ ಮೇಲೆ. ಅದನ್ನು 3.37ರ ಪಕ್ಕ ಇಟ್ಟರೆ ಮೂರೆಲೆ ಕೆಟ್ಟದ್ದಾಗಿ ಕಾಣುತ್ತದೆ. 2.01ರ ಪಕ್ಕ ಇಟ್ಟರೆ ಒಳ್ಳೆಯದಾಗಿ ಕಾಣುತ್ತದೆ. ಕೆರಿಬಿಯನ್ ಸ್ಟಡ್ ಎಂಬ ಐದೆಲೆ ಪೋಕರ್‌ನಲ್ಲೂ ಇದೇ ಕಥೆ: ಮೊದಲ ಪಣದ ಮೇಲೆ 5.22, ಒಟ್ಟಿನ ಮೇಲೆ 2.56.

ಒಳಗ-ಹೊರಗದಲ್ಲಿ ಮೊದಲ ಎಲೆ ಒಳಗೆ ಬಿದ್ದರೆ ಒಳಗೆ ಗೆಲ್ಲುವುದು 100ಕ್ಕೆ 51.5 ಸಲ. ಅದಕ್ಕೇ ಒಳಗೆ ಗೆದ್ದರೆ ರೂಪಾಯಿಗೆ 90 ಪೈಸೆ ಮಾತ್ರ ಕೊಡುವ ಮೇಜುಗಳಿವೆ. ಅಲ್ಲಿ ಸವಕಳಿ ಒಳಗೆ 2.15, ಹೊರಗೆ 3.

ನರಸಿಂಹ, ಧಾರವಾಡ:

‘ಸವಕಳಿ’ ಒಪ್ಪಿದೆ. ಸವೆ ಎಂಬುದರಿಂದ ಬಂದದ್ದು, ಕನ್ನಡದ್ದೇ. ಆದರೆ ‘ಪಣ’ ಒಪ್ಪಿಲ್ಲ. ‘ಕನ್ನಡ ಕಟ್ಟಲು ಪಣ ತೊಟ್ಟರು’ ಎಂದು ದಿನಾ ಪೇಪರ್‌ನಲ್ಲಿ ಓದುವ ಹುಡುಗನಿಗೆ ಪಣ ಎಂದರೆ ಶಪಥ.

ಬಸು, ಹುಬ್ಬಳ್ಳಿ:

ಅದಕ್ಕೇ ಬಾಜಿ ಅನ್ನಿ ಅಂದೆ. ಕುಸ್ತಿ ಕಣದಲ್ಲಿ ಕುಂತವರೆಲ್ಲ ಬಾಜಿ ಕಟ್ತಾರೆ, ಯಾರೂ ಪಣ ಕಟ್ಟಲ್ಲ.

ನರಸಿಂಹ, ಧಾರವಾಡ:

ಬಾಜಿ ಫಾರಸಿಯಿಂದ ಬಂದದ್ದು. ಹೊರಗಿನವರ ಪದ ತೆಗೆಯಲು ಹೊರಟು ಹೊರಗಿನವರದ್ದನ್ನೇ ತರುವುದು ಯಾವ ಬುದ್ಧಿ?

ಬಸು, ಹುಬ್ಬಳ್ಳಿ:

ಹೊರಗಿನವರದ್ದು ತೆಗೆಯಲು ಹೊರಟವರು ನೀವು, ನಾನಲ್ಲ. ಕಳಾವರ್ ಯಾರದ್ದು ಹೇಳಿ? ನಿಮ್ಮ ಮನೆಯಲ್ಲಿ ಅದಕ್ಕೆ ಏನಂತೀರಿ?

ವೀಣಾ, ಗದಗ:

ಡಚ್ಚರ ಕ್ಲಾವರ್. ದಯವಿಟ್ಟು ಇಲ್ಲಿಗೆ ನಿಲ್ಲಿಸಿ. ಸವಿತಾಗೆ ಶನಿವಾರ ಬರುತ್ತಿದೆ.

ಸವಿತಾ, ಧಾರವಾಡ:

ಥ್ಯಾಂಕ್ಸ್ ವೀಣಾ. ಪೇರ್ ಪ್ಲಸ್ ಇನ್ನೂ ಉಳಿದಿದೆ. ಇದು ಡೀಲರ್ ಕೈಗೆ ಸಂಬಂಧವೇ ಇಲ್ಲದ ಬೇರೆ ಪಣ. ನಿಮ್ಮ ಮೂರು ಎಲೆಯಲ್ಲಿ ಜೋಡಿ ಅಥವಾ ಅದಕ್ಕಿಂತ ಮೇಲಿದ್ದರೆ ದುಡ್ಡು. ‘ಜೋಡಿ-ಮೇಲೆ ಪಣ’ ಎಂದು ಬರೆದು ಪಟ್ಟಿ ಹೀಗೆ ಹಾಕಿದ್ದೇನೆ: ಜೋಡಿಗೆ 1, ಮೂರೂ ಒಂದೇ ಜಾತಿಯ ಎಲೆಯಾದ ಕಲರ್‌ಗೆ 4, ಸೀಕ್ವೆನ್ಸ್‌ಗೆ 6, ಮೂರೂ ಒಂದೇ ಅಂಕಿಯಾದ ಟ್ರೇಲ್‌ಗೆ 30, ಒಂದೇ ಜಾತಿಯ ಸೀಕ್ವೆನ್ಸ್ ಆದ ಪ್ಯೂರ್‌ಗೆ 40. ಕೆಳಗೆ ‘ಸವಕಳಿ 7.28’. ಸರಿನಾ?

ಬಸು, ಹುಬ್ಬಳ್ಳಿ:

ಅಕ್ಕಾ, ಟ್ರೇಲ್ ಮತ್ತು ಪ್ಯೂರ್ ಅದಲು ಬದಲಾಗಿವೆ. ಮೂರು ಎಕ್ಕದ ಮೇಲೆ ಏನೂ ಇಲ್ಲ.

ವೀಣಾ, ಗದಗ:

ಬಸು, ತೀನ್ ಪತ್ತಿಯಲ್ಲಿ ನೀವು ಹೇಳಿದ್ದು ಸರಿ. ಈ ಮೇಜಿನಲ್ಲಿ ಪ್ಯೂರ್ ಮೇಲೆ. ಎಣಿಸಿ ನೋಡಿ: 52 ಎಲೆಯಲ್ಲಿ ಮೂರು ಎಲೆ 22,100 ಥರ ಬರಬಹುದು. ಅದರಲ್ಲಿ ಟ್ರೇಲ್ 52, ಪ್ಯೂರ್ 48. ಅಪರೂಪದ್ದಕ್ಕೆ ಜಾಸ್ತಿ ಬೆಲೆ.

ಸವಿತಾ, ತಪ್ಪಿರುವುದು ಬೇರೆ ಕಡೆ. ಆ 22,100ಕ್ಕೂ ಒಂದೊಂದು ರೂಪಾಯಿ ಇಟ್ಟೆ ಎಂದುಕೊಳ್ಳಿ. ಏನೂ ಇಲ್ಲದ ಕೈ 16,440, ಅಷ್ಟು ರೂಪಾಯಿ ಹೋಯಿತು. ನಿಮ್ಮ ಪಟ್ಟಿಯಂತೆ ಗೆಲ್ಲುವುದು ಒಟ್ಟು 15,928. ಕೊರತೆ 512, ಅಂದರೆ 2.32. ನೀವು ಬರೆದ 7.28 ಬರಬೇಕಾದರೆ ಕಲರ್‌ಗೆ 3 ಇರಬೇಕು. ಕಲರ್ ಕೈ 1,096 ಇವೆ, ಒಂದೊಂದಕ್ಕೂ ಒಂದು ರೂಪಾಯಿ ಕಡಿಮೆ ಕೊಟ್ಟರೆ ಕೊರತೆ 1,608. ಆ ಒಂದೇ ಅಂಕಿಯಲ್ಲಿ ಸವಕಳಿ ಮೂರು ಪಟ್ಟು. ಮೇಜಿನ ಮೇಲೆ ಅಚ್ಚಾದ ಪಟ್ಟಿಯಲ್ಲಿ ಹುಡುಗರು ನೋಡಬೇಕಾದ್ದೇ ಅದು. ಮೂಲದಲ್ಲಿ ಏನಿದೆ?

ಸವಿತಾ, ಧಾರವಾಡ:

ಅಯ್ಯೋ. ಮೂಲದಲ್ಲಿ ಎರಡು ಪಟ್ಟಿ ಇವೆ, ಒಂದರಲ್ಲಿ 4, ಇನ್ನೊಂದರಲ್ಲಿ 3. ‘ಒಂದೇ ಪಟ್ಟಿ ಎರಡು ಸಲ ಬಂದಿದೆ’ ಎಂದು ನಾನೇ ಒಂದನ್ನು ಹೊಡೆದು ಹಾಕಿದ್ದೆ. ಎರಡನ್ನೂ ವಾಪಸ್ ಹಾಕುತ್ತೇನೆ. ಒಂದು ಪುಟ ಜಾಸ್ತಿ ಆಗುತ್ತದೆ, ಪ್ರೆಸ್‌ನವರ ಹತ್ತಿರ ಬೈಸಿಕೊಳ್ಳುತ್ತೇನೆ.

‘ಸವಕಳಿ’ ಗಟ್ಟಿ. ‘ಮೊದಲ ಪಣ’ ಸದ್ಯಕ್ಕೆ ಇರಲಿ. ಪ್ರತಿ ಸಲವೂ ‘ಮೊದಲ ಪಣದ ಮೇಲೆ’ ಅಥವಾ ‘ಇಟ್ಟ ಎಲ್ಲ ದುಡ್ಡಿನ ಮೇಲೆ’ ಎಂದು ಬಿಡಿಸಿ ಬರೆಯುತ್ತೇನೆ.

ನರಸಿಂಹ, ಧಾರವಾಡ:

ಎರಡನೇ ಮುದ್ರಣದಲ್ಲಾದರೂ ‘ಒಡ್ಡ’.

ಗುರುಪಾದಪ್ಪ, ಹಾವೇರಿ:

ತಂಗಿ, ಸಂಚಕಾರದ ಎಚ್ಚರಿಕೆ ಎಷ್ಟನೇ ಪುಟದಲ್ಲಿ ಹಾಕಿದಿರಿ?